ಟೆರೇಸ್ ಫೋಟೊದಲ್ಲಿ ಸೋಲಾರ್ ಪ್ಯಾನೆಲ್ ಕೂರಿಸುವುದು ಹೇಗೆ?

ಪ್ಯಾನೆಲ್ ಹಾಕಿದ ಮೇಲೆ ಟೆರೇಸ್ ಹೇಗೆ ಕಾಣುತ್ತದೆ ಅಂತ ಗಿರಾಕಿಗೆ ತೋರಿಸಲು ನಾನು ಮಾಡಿದ ಮೊದಮೊದಲ ಪ್ರಪೋಸಲ್ ಚಿತ್ರವೊಂದನ್ನು ಮನೆಯ ಯಜಮಾನರ ಮುಂದೆ ಇಟ್ಟಾಗ ಅವರು ರೇಟು ಕೇಳಲಿಲ್ಲ. "ಟ್ಯಾಂಕಿನ ನೆರಳು ಆ ಕಡೆ ಬಿದ್ದಿದೆ, ನಿಮ್ಮ ಪ್ಯಾನೆಲ್ ನೆರಳು ಈ ಕಡೆ ಇದೆಯಲ್ಲ, ನಮ್ಮ ಟೆರೇಸಿಗೆ ಎರಡು ಸೂರ್ಯ ಬರ್ತಾನಾ?" ಅಂತ ಕೇಳಿದರು. ಇನ್ನೂ ಒಂದು ತಪ್ಪಿತ್ತು, ಅದು ಅವರಿಗೆ ಕಾಣಲಿಲ್ಲ. ನಾನು ಫೋಟೊ ತೆಗೆದಿದ್ದು ಉತ್ತರದ ಮೂಲೆಯಲ್ಲಿ ನಿಂತು. ಆದರೂ ಪ್ಯಾನೆಲ್‌ಗಳ ಮುಖ ಕ್ಯಾಮೆರಾ ಕಡೆಗೇ ಇತ್ತು! ಚೆನ್ನಾಗಿ ಕಾಣಲಿ ಅಂತ ಸುಮ್ನೆ ಹಾಗೆ ತಿರುಗಿಸಿದ್ದೆ.

ಹಾಗಾಗಿ ಈಗ ಚಿತ್ರದ ಅರ್ಧ ಕೆಲಸವನ್ನು ಟೆರೇಸಿನ ಮೇಲೆ, ಫೋಟೊ ತೆಗೆಯುವಾಗಲೇ ಮುಗಿಸುತ್ತೇನೆ. ಇಲ್ಲಿ ಸಮತಟ್ಟಾದ ಟೆರೇಸನ್ನೇ ತೆಗೆದುಕೊಳ್ಳೋಣ. ಹೆಂಚಿನ ಇಳಿಜಾರು ಮಾಡಿಗೆ ಅಂಟಿದಂತೆ ಕೂರುವ ಪ್ಯಾನೆಲ್ ಸುಲಭ, ಮಾಡಿನ ಓರೆಯೇ ಪ್ಯಾನೆಲ್ಲಿನ ಓರೆ. ತಲೆನೋವು ಇರುವುದು ಕಾಲಿನ ಮೇಲೆ ಓರೆಯಾಗಿ ನಿಲ್ಲುವ ಪ್ಯಾನೆಲ್‌ಗಳಲ್ಲಿ.

ಟೆರೇಸಿನ ಮೇಲೆ ಹತ್ತು ನಿಮಿಷ

ಬೇಕಾಗುವುದು ಇಷ್ಟೇ: ಫೋನು, ಅಳತೆ ಟೇಪು, ಸೀಮೆಸುಣ್ಣ, ಒಂದು ಮೀಟರ್ ಉದ್ದದ ಕೋಲು.

ಮೊದಲು ಎಲ್ಲಿ ನಿಲ್ಲಬೇಕು ಅಂತ ನೋಡಿ. ಪ್ಯಾನೆಲ್ ಮುಖ ಮಾಡುವುದು ಭೂಮಧ್ಯರೇಖೆಯ ಕಡೆಗೆ. ಅಂದರೆ ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ. ನಮ್ಮ ಉದಾಹರಣೆ ಉತ್ತರ ಗೋಳಾರ್ಧದ್ದು. ಮುಖ ಕಾಣಬೇಕು ಅಂದರೆ ಟೆರೇಸಿನ ದಕ್ಷಿಣದ ಅಂಚಿನಲ್ಲಿ ನಿಂತು ಉತ್ತರಕ್ಕೆ ನೋಡಬೇಕು. ಅಲ್ಲಿ ನಿಲ್ಲಲು ಜಾಗ ಇಲ್ಲವಾದರೆ ಪ್ಯಾನೆಲ್ಲಿನ ಬೆನ್ನು ಮತ್ತು ಕಬ್ಬಿಣದ ಕಾಲುಗಳನ್ನೇ ತೋರಿಸಿ, ಅದರಲ್ಲಿ ತಪ್ಪೇನಿಲ್ಲ. ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಸರಳು, ಶೀಟುಗಳ ಹತ್ತಿರ ನಂಬಬೇಡಿ, ಸೂಜಿ ದಾರಿ ತಪ್ಪುತ್ತದೆ.

ಈಗ ನೆಲದ ಮೇಲೆ 6 ಮೀಟರ್ ಅಗಲ, 4 ಮೀಟರ್ ಆಳದ ಒಂದು ಆಯತದ ನಾಲ್ಕು ಮೂಲೆಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅದರ ಅಗಲದ ಬದಿ ಪ್ಯಾನೆಲ್ ಸಾಲಿಗೆ ಸಮಾನಾಂತರವಾಗಿರಲಿ. ಮೂಲೆ ಸರಿಯಾಗಿದೆಯಾ ಅಂತ ನೋಡಲು ಎರಡೂ ಕರ್ಣಗಳನ್ನು ಅಳೆಯಿರಿ, ಎರಡೂ 7.21 ಮೀಟರ್ ಬರಬೇಕು.

ಆಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳಿನ ತುದಿ ಎಲ್ಲಿದೆ ಅಂತ ಅಳೆಯಿರಿ. ನೆರಳಿನ ಉದ್ದ ಅಳೆಯುವ ಬದಲು, ಕೋಲಿನ ಬುಡದಿಂದ ಎಷ್ಟು ಹಿಂದಕ್ಕೆ, ಅಂದರೆ ನಮ್ಮಿಂದ ಆಚೆಗೆ, ಎಷ್ಟು ಪಕ್ಕಕ್ಕೆ ಅಂತ ಎರಡು ಅಳತೆ ತೆಗೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ 64 ಸೆಂ.ಮೀ. ಹಿಂದೆ, 54 ಸೆಂ.ಮೀ. ಎಡಕ್ಕೆ ಅಂತ ಇಟ್ಟುಕೊಳ್ಳಿ. ಬೆಳಗಿನ ಹೊತ್ತು, ಸೂರ್ಯ ನಮ್ಮ ಬೆನ್ನ ಹಿಂದೆ ಬಲಕ್ಕಿದ್ದಾನೆ. ಇಷ್ಟು ಗೊತ್ತಿದ್ದರೆ ಸೂರ್ಯ ಎಷ್ಟು ಡಿಗ್ರಿ ಮೇಲಿದ್ದಾನೆ ಅನ್ನುವ ಲೆಕ್ಕವೇ ಬೇಡ.

ಕೋಲು ಅಳೆದ ತಕ್ಷಣ ಫೋಟೊ ತೆಗೆಯಿರಿ. ಅರ್ಧ ಗಂಟೆ ಬಿಟ್ಟರೆ ನೆರಳು ಜರುಗಿಬಿಡುತ್ತದೆ. ಫೋನನ್ನು ಅಡ್ಡ ಹಿಡಿದು, ಕೆಳಕ್ಕೆ ಬಾಗಿಸದೆ ನೇರವಾಗಿ ಹಿಡಿಯಿರಿ. 0.5x ಲೆನ್ಸ್ ಬೇಡ, ಅಂಚಿನಲ್ಲಿರುವ ಪ್ಯಾರಾಪೆಟ್ ಎಳೆದಂತೆ ಆಗುತ್ತದೆ, ಕೆಲವೊಮ್ಮೆ ಬಿಲ್ಲಿನಂತೆ ಬಾಗುತ್ತದೆ. ಕೊನೆಗೆ, ಲೆನ್ಸ್ ನೆಲದಿಂದ ಎಷ್ಟು ಎತ್ತರದಲ್ಲಿತ್ತು ಅಂತ ಅಳೆದು ಬರೆದುಕೊಳ್ಳಿ. ಇದನ್ನು ಎಲ್ಲರೂ ಮರೆಯುತ್ತಾರೆ, ಆದರೆ ಮುಂದಿನದೆಲ್ಲ ನಿಂತಿರುವುದು ಈ ಒಂದು ಅಳತೆಯ ಮೇಲೆ. ನಮ್ಮದು 1.5 ಮೀಟರ್.

ಮೇಲಿನಿಂದ ನೋಡಿದಂತೆ ಒಂದು ನಕ್ಷೆ

ಈ ಸಾಲಿನಲ್ಲಿ ನಾಲ್ಕು ಪ್ಯಾನೆಲ್, ಒಂದೊಂದೂ 2278 × 1134 ಮಿ.ಮೀ., ಉದ್ದುದ್ದ ನಿಲ್ಲಿಸಿದ್ದು, ನಡುವೆ 20 ಮಿ.ಮೀ. ಸಂದು. ಒಟ್ಟು ಅಗಲ ಸುಮಾರು 4.6 ಮೀಟರ್. ಓರೆ 15 ಡಿಗ್ರಿ. ಹೀಗೆ ಓರೆ ಮಾಡಿದಾಗ ಪ್ಯಾನೆಲ್ ನೆಲದ ಮೇಲೆ ಆವರಿಸುವ ಆಳ 2.2 ಮೀಟರಿಗೆ ಇಳಿಯುತ್ತದೆ, ಹಿಂದಿನ ಅಂಚು ಮುಂದಿನದಕ್ಕಿಂತ 59 ಸೆಂ.ಮೀ. ಮೇಲೇರುತ್ತದೆ. ಮುಂಗಾಲು 30 ಸೆಂ.ಮೀ. ಇಟ್ಟರೆ ಹಿಂಗಾಲು 89 ಸೆಂ.ಮೀ.

ಒಂದು ಪಿಕ್ಸೆಲ್‌ಗೆ 2 ಮಿ.ಮೀ. ಲೆಕ್ಕದಲ್ಲಿ 3000 × 2000 ಪಿಕ್ಸೆಲ್‌ನ ಖಾಲಿ ಹಾಳೆ ತೆಗೆಯಿರಿ. ಇದು ನಿಮ್ಮ ಸೀಮೆಸುಣ್ಣದ ಆಯತ. ಅದರೊಳಗೆ ಪ್ಯಾನೆಲ್ ನಿಲ್ಲುವ 4.6 × 2.2 ಮೀಟರ್ ಜಾಗವನ್ನು ಗೆರೆಯಲ್ಲಿ ಎಳೆಯಿರಿ.

ನೆರಳನ್ನೂ ಇದೇ ನಕ್ಷೆಯಲ್ಲಿ, ಬೇರೆ ಲೇಯರ್‌ನಲ್ಲಿ ಹಾಕಿ. ಒಂದು ಮೀಟರ್ ಕೋಲಿಗೆ 64 ಹಿಂದೆ, 54 ಎಡಕ್ಕೆ ಅಂದಮೇಲೆ 89 ಸೆಂ.ಮೀ. ಎತ್ತರದ ಹಿಂದಿನ ಮೂಲೆಗೆ 57 ಹಿಂದೆ, 48 ಎಡಕ್ಕೆ. 30 ಸೆಂ.ಮೀ. ಎತ್ತರದ ಮುಂದಿನ ಮೂಲೆಗೆ 19 ಮತ್ತು 16. ನಾಲ್ಕೂ ಮೂಲೆಗಳನ್ನು ಹೀಗೆ ಸರಿಸಿ, ಸರಿಸಿದ ಬಿಂದುಗಳನ್ನು ಜೋಡಿಸಿದರೆ ಅದೇ ನೆರಳಿನ ಆಕಾರ.

ಈಗ ಹಾಳೆಯನ್ನು ಫೋಟೊ ಮೇಲೆ ತಂದು ನಾಲ್ಕು ಮೂಲೆಗಳನ್ನು ಸೀಮೆಸುಣ್ಣದ ಗುರುತುಗಳ ಮೇಲೆ ಕೂರಿಸಿ. ಫೋಟೊಶಾಪಿನಲ್ಲಿ `Edit > Transform > Distort`, ಜಿಂಪ್‌ನಲ್ಲಿ `Perspective` ಟೂಲ್. ಎಲ್ಲ ಲೇಯರ್‌ಗಳನ್ನೂ ಒಟ್ಟಿಗೇ ಎಳೆಯಿರಿ, ಮತ್ತು ಹಾಳೆಯ ನಾಲ್ಕು ಮೂಲೆಯಲ್ಲೂ ಒಂದೊಂದು ಚುಕ್ಕೆ ಇರಲಿ. ಇಲ್ಲದಿದ್ದರೆ ಸಾಫ್ಟ್‌ವೇರು ಖಾಲಿ ಜಾಗವನ್ನು ಬಿಟ್ಟು ಗೆರೆಗಳ ಸುತ್ತ ಮಾತ್ರ ಚೌಕಟ್ಟು ಹಾಕಿಕೊಳ್ಳುತ್ತದೆ, ಅಳತೆಯೆಲ್ಲ ಕೆಡುತ್ತದೆ.

ನೆಲದಿಂದ ಮೇಲೆ ಎತ್ತುವುದು

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ, ಪ್ಯಾನೆಲ್ ಚಿತ್ರವನ್ನು ನೆಲದ ಗುರುತಿನ ಮೇಲೆ ಹರಡಿ, ಕೆಳಗೆ ನಾಲ್ಕು ಕಡ್ಡಿ ಎಳೆದು ಮುಗಿಸುತ್ತಾರೆ. ನೋಡಿದರೆ ಚಾಪೆ ಹಾಸಿದ ಹಾಗಿರುತ್ತದೆ. ನೆಲದ ಪರ್ಸ್ಪೆಕ್ಟಿವ್ ಬೇರೆ, ಓರೆ ಪ್ಯಾನೆಲ್ಲಿನದು ಬೇರೆ.

ಸೀಮೆಸುಣ್ಣದ ಆಯತದ ಎಡ, ಬಲ ಬದಿಗಳನ್ನು ದೂರಕ್ಕೆ ಎಳೆದರೆ ಅವೆರಡೂ ಒಂದು ಕಡೆ ಕೂಡುತ್ತವೆ. ಆ ಬಿಂದುವಿನ ಮೂಲಕ ಒಂದು ಅಡ್ಡಗೆರೆ ಎಳೆಯಿರಿ. ಇದು ದಿಗಂತದ ಗೆರೆ. 4000 × 3000 ಪಿಕ್ಸೆಲ್ ಫೋಟೊದಲ್ಲಿ, ಫೋನ್ ನೇರ ಹಿಡಿದಿದ್ದರೆ, ಇದು ನಡುಮಧ್ಯ, ಮೇಲಿನಿಂದ 1500ನೇ ಪಿಕ್ಸೆಲ್ ಹತ್ತಿರ ಬರುತ್ತದೆ. ತುಂಬಾ ಆಚೀಚೆ ಬಂದರೆ ಫೋನ್ ಬಾಗಿತ್ತು ಅಂತಲೇ ಅರ್ಥ. ಆಗ ಗೋಡೆಯ ನೆಟ್ಟ ಗೆರೆಗಳು ಸಮಾನಾಂತರವಾಗುವವರೆಗೆ ಫೋಟೊವನ್ನು ಮೊದಲು ಸರಿಪಡಿಸಿ, ಆಮೇಲೆ ಕೆಲಸ ಶುರು ಮಾಡಿ.

ಈ ಗೆರೆ ಇರುವುದು ಸರಿಯಾಗಿ ಲೆನ್ಸಿನ ಎತ್ತರದಲ್ಲಿ. ಅಂದರೆ ಟೆರೇಸಿನ ಯಾವುದೇ ಬಿಂದುವಿನಿಂದ ನೆಟ್ಟಗೆ ಮೇಲಕ್ಕೆ ಈ ಗೆರೆಯವರೆಗೆ ಇರುವ ದೂರ, ಆ ಜಾಗದಲ್ಲಿ 1.5 ಮೀಟರ್. ಹತ್ತಿರ ಇದ್ದರೆ ಜಾಸ್ತಿ ಪಿಕ್ಸೆಲ್, ದೂರ ಇದ್ದರೆ ಕಮ್ಮಿ ಪಿಕ್ಸೆಲ್, ಆದರೆ ಯಾವಾಗಲೂ 1.5 ಮೀಟರೇ. ಟೆರೇಸಿನ ಪ್ರತಿ ಬಿಂದುವಿನಲ್ಲೂ ಒಂದು ಅಳತೆಗೋಲು ನೆಟ್ಟ ಹಾಗೆ, ಅಲ್ವಾ?

ಪ್ಯಾನೆಲ್ಲಿನ ಮುಂಗಾಲುಗಳು ನೆಲ ಮುಟ್ಟುವ ಜಾಗ, ಅಂದರೆ ಮುಂದಿನ ಪಾದಗಳು, 2400ನೇ ಪಿಕ್ಸೆಲ್ ಸಾಲಿನಲ್ಲಿವೆ ಅನ್ನಿ. ದಿಗಂತಕ್ಕೆ 900 ಪಿಕ್ಸೆಲ್, ಅದು 1.5 ಮೀಟರ್. ಹಾಗಾದರೆ 30 ಸೆಂ.ಮೀ. ಅಂದರೆ 180 ಪಿಕ್ಸೆಲ್. ಮುಂದಿನ ಅಂಚು 2220ಕ್ಕೆ ಬಂತು. ಹಿಂದಿನ ಪಾದಗಳು 2100ರಲ್ಲಿವೆ. ಅಲ್ಲಿ 600 ಪಿಕ್ಸೆಲ್‌ಗೆ 1.5 ಮೀಟರ್, 89 ಸೆಂ.ಮೀ.ಗೆ 356 ಪಿಕ್ಸೆಲ್. ಹಿಂದಿನ ಅಂಚು 1744ರಲ್ಲಿ. ಎಡಬಲ ಪಾದಗಳು ಎಲ್ಲಿವೆಯೋ ಅವುಗಳ ನೇರಕ್ಕೇ ಮೇಲೆ ಹೋಗಿ: ಮುಂದಿನವು ಅಡ್ಡಲಾಗಿ 620 ಮತ್ತು 3380ರಲ್ಲಿ, ಹಿಂದಿನವು 1080 ಮತ್ತು 2920ರಲ್ಲಿ. ಪ್ಯಾನೆಲ್ಲಿನ ನಾಲ್ಕು ಮೂಲೆ ಸಿಕ್ಕಿದವು. ನೀವು ಸಾಲಿಗೆ ಎದುರಾಗಿ ನಿಲ್ಲದೆ ಓರೆಯಲ್ಲಿ ನಿಂತಿದ್ದರೂ ಇದೇ ಲೆಕ್ಕ, ಒಂದೊಂದು ಪಾದಕ್ಕೂ ಬೇರೆ ಬೇರೆ ಮಾಡಬೇಕು ಅಷ್ಟೇ.

ಈಗ ನಾಲ್ಕು ಪ್ಯಾನೆಲ್‌ಗಳ ಸಾಲನ್ನು ಚಪ್ಪಟೆಯಾಗಿ, ಸರಿಯಾದ ಅಳತೆಯಲ್ಲಿ (ಪಿಕ್ಸೆಲ್‌ಗೆ 2 ಮಿ.ಮೀ. ಲೆಕ್ಕದಲ್ಲಿ 2298 × 1139 ಪಿಕ್ಸೆಲ್) ಬರೆದು ಈ ನಾಲ್ಕು ಮೂಲೆಗಳಿಗೆ `Distort` ಮಾಡಿ. ಒಂದೊಂದು ಪ್ಯಾನೆಲನ್ನೂ ಬೇರೆ ಬೇರೆ ಎಳೆಯಬೇಡಿ, ಸಂದುಗಳು ಸೊಟ್ಟಗಾಗುತ್ತವೆ.

ಸರಿಯಾಯಿತಾ ಅಂತ ನೋಡಲು ಪ್ಯಾನೆಲ್ ಸಾಲಿನ ಎಡ, ಬಲ ಅಂಚುಗಳನ್ನು ಮೇಲಕ್ಕೆ ಬೆಳೆಸಿ. ನಮ್ಮ ಲೆಕ್ಕದಲ್ಲಿ ಅವು 793ನೇ ಪಿಕ್ಸೆಲ್ ಹತ್ತಿರ, ದಿಗಂತಕ್ಕಿಂತ ತುಂಬಾ ಮೇಲೆ, ನೆಲದ ಗೆರೆಗಳು ಕೂಡಿದ ಬಿಂದುವಿನ ನೆತ್ತಿಯಲ್ಲೇ ಕೂಡುತ್ತವೆ. ನಿಮ್ಮವು ದಿಗಂತದ ಗೆರೆಯ ಮೇಲೇ ಕೂಡಿದರೆ ಪ್ಯಾನೆಲ್ ಓರೆಯಾಗಿಲ್ಲ, ಮಲಗಿದೆ. ಒಂದು ಪಕ್ಕಕ್ಕೆ ವಾಲಿ ಕೂಡಿದರೆ ಯಾವುದೋ ಒಂದು ಮೂಲೆ ತಪ್ಪಿದೆ.

ನೆರಳಿನ ಬಣ್ಣ

ನೆರಳಿನ ಆಕಾರ ನಕ್ಷೆಯ ಜೊತೆಗೇ ಬಂದು ಕೂತಿದೆ. ಅದರ ಹೆಚ್ಚಿನ ಭಾಗ ಪ್ಯಾನೆಲ್ಲಿನ ಹಿಂದೆ ಅಡಗುತ್ತದೆ. ಎಡಕ್ಕೆ ಒಂದು ತುಂಡು, ಮುಂದಿನ ಅಂಚಿನ ಅಡಿಯಲ್ಲಿ ಒಂದು ಪಟ್ಟಿ, ಅಷ್ಟೇ ಕಾಣುವುದು. ಪ್ಯಾನೆಲ್ ಮುಂದೆ ದೊಡ್ಡ ನೆರಳು ಹಾಕಬೇಕು ಅಂತ ಆಸೆಯಾದರೆ ತಡೆದುಕೊಳ್ಳಿ.

ಕಪ್ಪು ಬಣ್ಣ ತುಂಬಬೇಡಿ. ಅದೇ ಟೆರೇಸಿನಲ್ಲಿ ಟ್ಯಾಂಕಿನ ನೆರಳಿದೆಯಲ್ಲ, ಅದಕ್ಕೆ ಹೋಲಿಸಿ ನಿಮ್ಮ ನೆರಳಿನ ಲೇಯರನ್ನು `Multiply` ಮೋಡಿನಲ್ಲಿಟ್ಟು, ಅಷ್ಟೇ ಗಾಢವಾಗುವವರೆಗೆ ಅದರ `Opacity` ಇಳಿಸಿ. ಅಂಚನ್ನು ಮಂಜು ಮಾಡುವಾಗ ಎಲ್ಲರೂ ಕೈ ಜೋರು ಮಾಡುತ್ತಾರೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಹಾಗಾಗಿ ಅಂಚಿನಿಂದ ನೆಲಕ್ಕೆ ಬೆಳಕಿನ ದಾರಿಯಲ್ಲಿ ಒಂದು ಮೀಟರ್ ಇದ್ದರೆ ನೆರಳಿನ ಅಂಚು ಮಂಜಾಗುವುದು ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್. ಈ ಫೋಟೊದ ಹಿಂದಿನ ಮೂಲೆಯಲ್ಲಿ ಅದು ಬರೀ ನಾಲ್ಕು ಪಿಕ್ಸೆಲ್. ಇಪ್ಪತ್ತು ಪಿಕ್ಸೆಲ್ ಮಂಜು ಮಾಡಿದರೆ ಪ್ಯಾನೆಲ್ ಗಾಳಿಯಲ್ಲಿ ತೇಲುತ್ತದೆ.

ಗಾಜಿನ ಮೇಲೆ ನಕ್ಷತ್ರದಂತೆ ಹೊಳೆಯುವ ಸೂರ್ಯನ ಚುಕ್ಕೆಯೂ ಬೇಡ. ಇಲ್ಲಿ ಸೂರ್ಯ ನಮ್ಮ ಬೆನ್ನಿಗಿದ್ದಾನೆ, ಗಾಜಿನಲ್ಲಿ ಕಾಣುವುದು ಎದುರಿನ ಉತ್ತರದ ಆಕಾಶ. ಅದರ ತಿಳಿಬಣ್ಣವನ್ನು ಪ್ಯಾನೆಲ್ ಮೇಲೆ ತೆಳುವಾಗಿ ಹರಡಿದರೆ ಸಾಕು.

ಟ್ಯಾಂಕಿನ ನೆರಳು ಪ್ಯಾನೆಲ್ ಜಾಗದ ಮೇಲೆ ಬಿದ್ದಿದ್ದರೆ ಅದನ್ನು ಅಳಿಸಬೇಡಿ, ಪ್ಯಾನೆಲ್ ಮೇಲೂ ಬೀಳುವ ಹಾಗೆ ತೋರಿಸಿ. ಓರೆ ಮೇಲ್ಮೈಗೆ ಬಂದಾಗ ಆ ನೆರಳಿನ ಗೆರೆ ಮುರಿಯುತ್ತದೆ, ನೆಲದ ಮೇಲಿನ ಹಾಗೆ ನೇರವಾಗಿ ಮುಂದುವರಿಯುವುದಿಲ್ಲ. ಗಿರಾಕಿ ನೋಡಿ "ಸಾಲನ್ನು ಸ್ವಲ್ಪ ಆಚೆ ಸರಿಸೋಣ್ವಾ?" ಅಂತ ಕೇಳಿದರೆ ನಕ್ಷೆಯ ಹಾಳೆಯಲ್ಲಿ ಪ್ಯಾನೆಲ್ ಜಾಗದ ಗೆರೆಗಳನ್ನೂ ನೆರಳನ್ನೂ ಸರಿಸಿ, ನಾಲ್ಕು ಎತ್ತರಗಳನ್ನು ಮತ್ತೆ ಲೆಕ್ಕ ಹಾಕಿ. ಹೊಸ ಫೋಟೊ ಬೇಕಾಗಿಲ್ಲ. ಚಿತ್ರದ ಕೆಳಗೆ ಫೋಟೊ ತೆಗೆದ ದಿನ, ಸಮಯ, 15 ಡಿಗ್ರಿ ಓರೆ, ಕಾಲುಗಳ ಎತ್ತರ ಇಷ್ಟನ್ನು ಒಂದು ಸಾಲಿನಲ್ಲಿ ಬರೆದುಬಿಡಿ.