ಒಮ್ಮೆಯೇ ಒತ್ತಿದ ಲಿಂಕ್ ‘ಅವಧಿ ಮುಗಿದಿದೆ’ ಎಂದದ್ದೇಕೆ

ನಾನು ನೋಡಿಕೊಳ್ಳುವ ಜಾಲತಾಣದಲ್ಲಿ ಪಾಸ್‌ವರ್ಡ್ ಮರೆತವರಿಗೆ ಇಮೇಲ್‌ನಲ್ಲಿ ಒಂದು ಲಿಂಕ್ ಹೋಗುತ್ತದೆ. ಅದನ್ನು ಒಮ್ಮೆ ಮಾತ್ರ ಬಳಸಬಹುದು. ಅವಧಿ 30 ನಿಮಿಷ. ‘ಬಂದ ಕೂಡಲೇ ಒತ್ತಿದೆ, ಆದರೂ ಅವಧಿ ಮುಗಿದಿದೆ ಎನ್ನುತ್ತಿದೆ’ ಎಂದು ಕೆಲವರು ಪದೇ ಪದೇ ದೂರುತ್ತಿದ್ದರು. ನಾನು ಅವಧಿಯನ್ನು 24 ಗಂಟೆಗೆ ಏರಿಸಿದೆ. ದೂರುಗಳು ಕಡಿಮೆಯಾಗಲಿಲ್ಲ. ಆಮೇಲೆ ಗಮನಕ್ಕೆ ಬಂತು: ದೂರಿದವರಲ್ಲಿ ಹೆಚ್ಚಿನವರು ತಮ್ಮ ಕಚೇರಿಯ ಇಮೇಲ್ ವಿಳಾಸ ಕೊಟ್ಟವರು.

ಅವರಲ್ಲಿ ಒಬ್ಬರ ಪ್ರಯತ್ನವನ್ನು ಸರ್ವರ್‌ನ ಲಾಗ್‌ನಲ್ಲಿ ಸಾಲು ಸಾಲಾಗಿ ಓದಿದೆ.

```
10:42:07 POST /forgot 200
10:42:13 GET /reset?token=7f3a... 200
10:44:51 GET /reset?token=7f3a... 410
```

ಸಾಲಿನ ಕೊನೆಯ 200 ಎಂದರೆ ಸರಿಯಾಗಿ ನಡೆಯಿತು, 410 ಎಂದರೆ ಕೇಳಿದ್ದು ಇನ್ನಿಲ್ಲ. ಕೋರಿಕೆ ಸಲ್ಲಿಸಿದ ಆರೇ ಸೆಕೆಂಡುಗಳಲ್ಲಿ ಯಾರೋ ಲಿಂಕ್ ತೆರೆದಿದ್ದರು. ಇಲ್ಲಿ ತೋರಿಸದ ಐಪಿ ವಿಳಾಸ ಮೊದಲ ಮತ್ತು ಮೂರನೆಯ ಸಾಲಿನಲ್ಲಿ ಒಂದೇ. ನಡುವಿನದು ಮಾತ್ರ ಯಾವುದೋ ಡೇಟಾ ಸೆಂಟರ್‌ನದು. ಅದು ಕಚೇರಿಯ ಮೇಲ್ ಸ್ಕ್ಯಾನರ್. ಸಂದೇಶದೊಳಗಿನ ಲಿಂಕ್‌ಗಳು ವಂಚನೆಯ ಪುಟಗಳಿಗೆ ಹೋಗುತ್ತವೆಯೇ ಎಂದು ನೋಡಲು ಅದು ತಾನೇ ಅವುಗಳನ್ನು ತೆರೆಯುತ್ತದೆ. ಲಿಂಕ್‌ನೊಳಗಿನ ಗುಪ್ತ ಸಂಕೇತವೇ ಟೋಕನ್; ಪುಟ ತೆರೆದ ಕ್ಷಣದಲ್ಲೇ ಅದು ಬಳಕೆಯಾಯಿತೆಂದು ನಮ್ಮ ಪ್ರೋಗ್ರಾಂ ಬರೆದುಕೊಳ್ಳುತ್ತಿತ್ತು. ಹಾಗಾಗಿ ಬಳಕೆದಾರರ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ.

ಸ್ಕ್ಯಾನರ್‌ಗಳನ್ನು ಗುರುತಿಸಿ ಬದಿಗಿಡಲು ಮೊದಲು ಯತ್ನಿಸಿದೆ. ಅದು ನಿಲ್ಲುವ ಉಪಾಯವಲ್ಲ, ಏಕೆಂದರೆ ಅನೇಕ ಸ್ಕ್ಯಾನರ್‌ಗಳು ಸಾಮಾನ್ಯ ಬ್ರೌಸರ್‌ನ ಹೆಸರನ್ನೇ ಹೇಳಿಕೊಂಡು ಬರುತ್ತವೆ. ಸರಿಯಾದ ದಾರಿ HTTP ನಿಯಮದಲ್ಲೇ ಇದೆ: GET ಎಂಬುದು ಓದುವುದಕ್ಕೆ, ಬದಲಿಸುವುದಕ್ಕಲ್ಲ; ಅದಕ್ಕೆ POST ಇದೆ. ಈಗ ಲಿಂಕ್ ತೆರೆದರೆ ಟೋಕನ್ ಊರ್ಜಿತವೇ ಎಂದಷ್ಟೇ ನೋಡಿ ಹೊಸ ಪಾಸ್‌ವರ್ಡ್ ಕೇಳುವ ಫಾರ್ಮ್ ತೋರಿಸುತ್ತೇವೆ. ಹೊಸ ಪಾಸ್‌ವರ್ಡ್ POST ಮೂಲಕ ಬಂದು ದಾಖಲಾದ ಮೇಲೆಯೇ ಟೋಕನ್ ರದ್ದಾಗುತ್ತದೆ. ಒಬ್ಬರೇ ಎರಡು ಬಾರಿ ಲಿಂಕ್ ಒತ್ತಿ ಎರಡು ಟ್ಯಾಬ್ ತೆರೆದಾಗ ಎರಡನೆಯದರಲ್ಲಿ ದೋಷ ಕಾಣುತ್ತಿದ್ದುದೂ ಇದರಿಂದ ನಿಂತಿತು.

ಆದರೂ ವೈಯಕ್ತಿಕ ವಿಳಾಸದವರ ದೂರುಗಳು ಒಂದಿಷ್ಟು ಉಳಿದವು. ಇವರ ಕಥೆ ಬೇರೆ. ಮೇಲ್ ಬರಲು ಒಂದು ನಿಮಿಷ ತಡವಾದರೆ ‘ಪಾಸ್‌ವರ್ಡ್ ಮರೆತಿದ್ದೇನೆ’ ಗುಂಡಿಯನ್ನು ಮೂರು ಸಲ ಒತ್ತುತ್ತಿದ್ದರು. ಪ್ರತಿ ಹೊಸ ಕೋರಿಕೆ ಹಿಂದಿನ ಟೋಕನನ್ನು ಅಳಿಸುತ್ತಿತ್ತು. ಮೂರು ಮೇಲ್‌ಗಳೂ ಒಂದೇ ಶೀರ್ಷಿಕೆಯಡಿ ಒಟ್ಟುಗೂಡಿ ಬಂದಾಗ ಅವರು ಒತ್ತಿದ್ದು ಹಳೆಯದನ್ನು. ಅವರ ಅವಸರ ಸಹಜವೇ, ಅದಕ್ಕೆ ಅವರನ್ನು ದೂರಲಾಗದು. ಈಗ ಹಳೆಯ ಟೋಕನ್‌ಗಳನ್ನೂ ಅವುಗಳ ಅವಧಿ ಮುಗಿಯುವವರೆಗೆ ಉಳಿಸುತ್ತೇವೆ. ಒಂದರಿಂದ ಪಾಸ್‌ವರ್ಡ್ ಬದಲಾದ ತಕ್ಷಣ ಎಲ್ಲವನ್ನೂ ರದ್ದುಮಾಡುತ್ತೇವೆ. ಹಾಗೆ ಉಳಿಸುವುದರಿಂದ ಅಪಾಯ ಹೆಚ್ಚಬಾರದೆಂದು ಅವಧಿಯನ್ನು 24 ಗಂಟೆಯಿಂದ ಮತ್ತೆ 30 ನಿಮಿಷಕ್ಕೆ ಇಳಿಸಿದೆ. ಗುಂಡಿಯೂ ಒಮ್ಮೆ ಒತ್ತಿದ ಮೇಲೆ 60 ಸೆಕೆಂಡು ಸುಮ್ಮನಿರುತ್ತದೆ.

ಮೊದಲು ದೂರಿದ್ದವರಲ್ಲಿ ಒಬ್ಬರು ಮುಂದಿನ ತಿಂಗಳು ಮತ್ತೆ ಪಾಸ್‌ವರ್ಡ್ ಮರೆತರು. ಲಾಗ್‌ನಲ್ಲಿ ಸ್ಕ್ಯಾನರ್‌ನ ಸಾಲು ಎಂದಿನಂತೆ ಮೊದಲೇ ಬಂದಿತ್ತು. ಅದರ ಕೆಳಗೆ ಅವರ GET, ನಂತರ ಅವರದೇ POST.