ಬ್ರಾ ಬಿಗಿಯಾಗಿದ್ದು ಕಪ್‌ನಲ್ಲಿ, ಬ್ಯಾಂಡ್‌ನಲ್ಲಲ್ಲ

ಎಂಟನೇ ತಿಂಗಳಲ್ಲಿ 38ಬಿ ನರ್ಸಿಂಗ್ ಬ್ರಾ ಕೊಂಡಿದ್ದೆ; 38 ಬ್ಯಾಂಡಿನ ಅಳತೆ, ಬಿ ಕಪ್ಪಿನದು. ಹೆರಿಗೆಯಾಗಿ ಎರಡು ತಿಂಗಳಿಗೆ ಕಪ್ ಅಂಚು ಒತ್ತಿ ಕೆಂಪು ಗೆರೆ ಮೂಡುತ್ತಿತ್ತು, ಒಂದು ಕಡೆ ಹಾಲು ಗಟ್ಟಿಯಾಗಿ ನೋವು. ಬ್ರಾ ಚಿಕ್ಕದಾಯ್ತು ಅಂತ ಬ್ಯಾಂಡ್ 40 ಇರುವುದನ್ನು ಕೊಂಡೆ. ಅದು ಬೆನ್ನಲ್ಲಿ ಮೇಲೇರಿತು, ಭಾರವೆಲ್ಲ ಭುಜಕ್ಕೆ ಬಿತ್ತು.

ಕೊನೆಗೆ ಟೇಪ್ ಹಿಡಿದೆ. ಎದೆಯ ಕೆಳಗೆ 36 ಇಂಚು. ಬಸುರಿನಲ್ಲಿ ಅಗಲವಾಗಿದ್ದ ಪಕ್ಕೆಲುಬು ಇಳಿದಿತ್ತು, ಅಲ್ವಾ! ಎದೆಯ ಸುತ್ತ 40. ವ್ಯತ್ಯಾಸ ನಾಲ್ಕಿಂಚು, ಅಂದರೆ ಡಿ ಕಪ್, ಅಳತೆ 36ಡಿ. ಹಾಲುಣಿಸಿದ ತಕ್ಷಣ ಅಳೆಯಬೇಡಿ, ಅಳತೆ ಕಮ್ಮಿ ಬರುತ್ತದೆ. ನಾನು ಮುಂದಿನ ಸಲ ಉಣಿಸುವ ಸ್ವಲ್ಪ ಮೊದಲು ಅಳೆದೆ. ತಂತಿಯಿಲ್ಲದ್ದೇ ತಗೊಂಡೆ, ಹೊರಗಿನ ಹುಕ್ಕಿಗೆ ಸರಿಯಾಗಿ ಕೂರುವಂಥದ್ದು. ಬ್ಯಾಂಡ್ ಸಡಿಲಾದಂತೆ ಒಳಗಿನ ಹುಕ್ಕಿಗೆ ಹೋದೆ.

ಮಗು ರಾಗಿ ಸರಿ ತಿನ್ನತೊಡಗಿ ಹಾಲು ಕುಡಿಯೋದು ಕಡಿಮೆಯಾದಾಗ ಕಪ್ ಸುಕ್ಕುಗಟ್ಟಿತು. ಮತ್ತೆ ಅಳೆದೆ: 36ಸಿ.