ಬಡಾವಣೆಯ ಪೋಸ್ಟ್: ಅನುಮೋದನೆಯ ಸಾಲು ಹೇಗಿರಬೇಕು?

ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ಲೇಔಟ್ ಮಾಡುತ್ತಿರುವ ಪರಿಚಿತರೊಬ್ಬರು ಫೇಸ್‌ಬುಕ್‌ಗೆ ಹಾಕಲು ಒಂದು ಒಕ್ಕಣೆ ಬರೆದು ತಂದಿದ್ದರು: ‘ಎಲ್ಲ ಸರ್ಕಾರಿ ಅನುಮೋದನೆ ಪಡೆದ ಬಡಾವಣೆ, ರೇರಾ ಆಗಿದೆ, ಬುಕಿಂಗ್ ಆರಂಭ!’ ಒಂದೇ ಸಾಲು, ಮೂರು ಎಡವಟ್ಟು.

ಮೊದಲು ‘ರೇರಾ ಆಗಿದೆ’, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ಯೋಜನೆ ನೋಂದಣಿಯಾಗಿದೆ ಎಂಬುದನ್ನು ಪರೀಕ್ಷಿಸಿದೆವು. ಅವರ ಬಳಿ ಇದ್ದ ಸಂಖ್ಯೆ `ACK` ಎಂದು ಶುರುವಾಗುತ್ತಿತ್ತು. ಅದು ಅರ್ಜಿ ತಲುಪಿದ್ದಕ್ಕೆ ಸಿಗುವ ಸ್ವೀಕೃತಿ ಅಷ್ಟೇ. ನೋಂದಣಿ ಸಂಖ್ಯೆ `PRM/KA/RERA/` ಎಂದು ಆರಂಭವಾಗುತ್ತದೆ, ಪ್ರಮಾಣಪತ್ರದಲ್ಲಿ ಇರುತ್ತದೆ. 2016ರ ರೇರಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ನೋಂದಣಿಗೆ ಮೊದಲು ಮಾರುವುದಷ್ಟೇ ಅಲ್ಲ, ಜಾಹೀರಾತು ಕೊಡುವುದು, ಕೊಳ್ಳಲು ಕರೆಯುವುದು ಕೂಡ ತಪ್ಪು. ಆದ್ದರಿಂದ ಸ್ಥಳ ನೋಡಲು ಬನ್ನಿ ಎಂಬ ಆಹ್ವಾನವೂ ಕಾಯಬೇಕು. ದಂಡ ಯೋಜನೆಯ ಅಂದಾಜು ವೆಚ್ಚದ ಶೇ 10ರವರೆಗೆ ಹೋಗಬಹುದು. ಪ್ರಮಾಣಪತ್ರ ಬರುವ ತನಕ ಅವರು ಪೋಸ್ಟ್ ತಡೆಹಿಡಿದರು.

ಇನ್ನೊಂದು ಎಚ್ಚರ: ಹಂತ ಹಂತವಾಗಿ ಮಾಡುವ ಬಡಾವಣೆಯಲ್ಲಿ ಪ್ರತಿ ಹಂತಕ್ಕೂ ಬೇರೆ ನೋಂದಣಿ ಬೇಕು. ಮೊದಲ ಹಂತದ ಸಂಖ್ಯೆಯನ್ನು ಎರಡನೆಯದಕ್ಕೆ ಅಂಟಿಸಿದರೆ, ರೇರಾ ಜಾಲತಾಣದಲ್ಲಿ ಹುಡುಕಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಎರಡನೆಯದು, ‘ಎಲ್ಲ ಅನುಮೋದನೆ’. ಯಾರು, ಏನನ್ನು, ಯಾವ ದಿನ ಎಂದು ಹೇಳದಿದ್ದರೆ ಈ ಮಾತಿಗೆ ಅರ್ಥವಿಲ್ಲ. ಕೃಷಿ ಭೂಮಿಯನ್ನು ವಸತಿಗೆ ಬದಲಿಸಿದ್ದು ಜಿಲ್ಲಾಧಿಕಾರಿಯ ಆದೇಶ. ನಮ್ಮ ಕಡೆ ‘ಎನ್‌.ಎ. ಆಗಿದೆ’ ಎನ್ನುವುದು ಇದಕ್ಕೇ. ನಕ್ಷೆಗೆ ಒಪ್ಪಿಗೆ ಕೊಟ್ಟದ್ದು ನಗರಾಭಿವೃದ್ಧಿ ಪ್ರಾಧಿಕಾರ. ಇವೆರಡೂ ಬೇರೆ ಬೇರೆ. ಪ್ರಾಧಿಕಾರದ್ದು ತಾತ್ಕಾಲಿಕ ಅನುಮೋದನೆಯಾಗಿದ್ದರೆ ‘ತಾತ್ಕಾಲಿಕ’ ಎಂದೇ ಬರೆಯಿರಿ. ಬ್ಯಾಂಕ್ ಸಾಲ ಸಿಗುತ್ತದೆ ಎಂಬುದು ಸೌಲಭ್ಯ, ಅನುಮೋದನೆಯ ಪಟ್ಟಿಗೆ ಅದು ಸೇರದು.

ಮೂರನೆಯದು ‘ಬುಕಿಂಗ್’. ಓದುಗ ನಿವೇಶನಕ್ಕೆ ಹಣ ಕಟ್ಟಬೇಕೇ, ಭೇಟಿಗೆ ಸಮಯ ಕೇಳಬೇಕೇ ಎಂದು ಗೊಂದಲಕ್ಕೆ ಬೀಳುತ್ತಾನೆ. ಕರೆಯುವುದು ಸ್ಥಳ ನೋಡಲು ಎಂದಾದರೆ ಹಾಗೆಂದೇ ಬರೆಯಿರಿ, ಸಮಯವನ್ನೂ ಹೇಳಿಬಿಡಿ. ಬಳ್ಳಾರಿಯ ಬಿಸಿಲಿನಲ್ಲಿ ಹನ್ನೊಂದಕ್ಕೆ ಕರೆದರೆ ಬಂದವರು ನಿವೇಶನವನ್ನಲ್ಲ, ಮರವನ್ನು ಹುಡುಕುತ್ತಾರೆ.

ಕೊನೆಗೆ ಉಳಿದದ್ದು ಇಷ್ಟು (ಖಾಲಿ ಜಾಗಗಳನ್ನು ಆದೇಶ ನೋಡಿಯೇ ತುಂಬಬೇಕು):

‘ಸಿರುಗುಪ್ಪ ರಸ್ತೆಯಲ್ಲಿ ನಮ್ಮ ವಸತಿ ಬಡಾವಣೆ, ಹಂತ 1. ಭೂ ಪರಿವರ್ತನೆ: ಜಿಲ್ಲಾಧಿಕಾರಿ ಆದೇಶ ಸಂಖ್ಯೆ ___, ದಿನಾಂಕ ___. ವಿನ್ಯಾಸ ನಕ್ಷೆ: ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ, ತಾತ್ಕಾಲಿಕ ಅನುಮೋದನೆ ಸಂಖ್ಯೆ ___, ದಿನಾಂಕ ___. ರೇರಾ ನೋಂದಣಿ: `PRM/KA/RERA/___`, ವಿವರ `rera.karnataka.gov.in` ನಲ್ಲಿ. ಶನಿವಾರ, ಭಾನುವಾರ ಬೆಳಿಗ್ಗೆ 7ರಿಂದ 10ರವರೆಗೆ ಸ್ಥಳ ನೋಡಬಹುದು. ಹಿಂದಿನ ದಿನ ಸಂಜೆಯೊಳಗೆ ಹೆಸರು, ಬರುವವರ ಸಂಖ್ಯೆ, ಸಮಯ ವಾಟ್ಸ್‌ಆ್ಯಪ್ ಮಾಡಿ. ಭೇಟಿಗೆ ಶುಲ್ಕವಿಲ್ಲ. ದಾಖಲೆಗಳ ಪ್ರತಿ ಸ್ಥಳದಲ್ಲೇ ಇರುತ್ತದೆ.’

ರೇರಾ ಸಂಖ್ಯೆ ಮತ್ತು ಜಾಲತಾಣದ ವಿಳಾಸ ಚಿತ್ರದ ಮೇಲೂ ಎದ್ದು ಕಾಣುವಂತೆ ಇರಲಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮುಂದೆ ಹೋಗುವುದು ಬಹುತೇಕ ಚಿತ್ರ ಮಾತ್ರ; ಕೆಳಗಿನ ಒಕ್ಕಣೆ ಹಿಂದೆಯೇ ಉಳಿದುಬಿಡುತ್ತದೆ.